ಮುತ್ತೈದೆ, ಮಡಿ, ಮತ್ತ ನಮ್ ಗುಡಿ ನೋಟಿಸು

“ಜಾತಿ ಹೆಸರು ಎಲ್ಲೂ ಬರದಿದ್ದರೆ ಸಾಕು, ನೋಟಿಸ್ ಎಲ್ಲರದ್ದೂ ಆಗುತ್ತೆ.”

ಇದು ಒಪ್ಪಂಗಿಲ್ರಿ. ಹ್ವಾದ ವರ್ಷ ಶ್ರಾವಣದಾಗ ಕಲಬುರಗಿಯ ನಮ್ ಕಾಲೋನಿ ಗುಡಿ ಗ್ವಾಡಿಗೆ ಹಾಳಿ ಹಚ್ಚಿದ್ರು, ‘ಮುತ್ತೈದೆಯರಿಗೆ ಉಡಿ ತುಂಬುವ ಕಾರ್ಯಕ್ರಮ, ಪ್ರಸಾದಕ್ಕೆ ಮಡಿಯಿಂದ ಅಡುಗೆ ಮಾಡುವವರು ಹೆಸರು ಕೊಡಿ’ ಅಂತ. ಜಾತಿ ಹೆಸರು ಎಲ್ಲೂ ಇಲ್ಲ. ಆದ್ರ ‘ಮುತ್ತೈದೆ’ ಅಂದಕೂಡ್ಲೆ ಗಂಡ ತೀರಿಕೊಂಡ ನಮ್ ಅತ್ತಿ ಹೊರಗ, ಮದಿವಿ ಆಗದ ಟೀಚರಕ್ಕನೂ ಹೊರಗ, ‘ಮಡಿ’ ಅಂದ್ರ ಯಾರ ಕೈ ಅಡುಗಿ ಬ್ಯಾಡ ಅಂತ ತಿಳಿಯೋರಿಗೆ ತಿಳಿತದ, ಹಿಂದಿನ ಓಣಿಯಿಂದ ಒಬ್ರೂ ಹೆಸರು ಕೊಡ್ಲಿಲ್ಲ. ಈಗ ನೋಟಿಸಿನ ಡ್ರಾಫ್ಟ್ ನನ್ ಕೈಗೆ ಬಂದ್ರ, ಯಾರು ಬರಬೇಕು ಅಂತ ಹೇಳೋ ಒಂದೊಂದು ಪದಕ್ಕ ಗೆರಿ ಎಳೆದು ಕೇಳ್ತೀನಿ, ಈ ಕೆಲಸಕ್ಕ ಇದು ಬೇಕೇನು? ಅಡುಗಿಗೆ ಬೇಕಾದ್ದು ಮುಂಜಾನಿ 6ಕ್ಕ ಬರೋದು, ಕೈ ಸ್ವಚ್ಛ ತೊಳಕೊಳ್ಳೋದು, ಅಷ್ಟೇ ಬರೀರಿ.

ಆದ್ರ ಬರೇ ಪದ ತಿದ್ದಿ ನಾನೂ ತಪ್ಪು ಮಾಡಿದೆ. ಈ ಸಲ ‘ಎಲ್ಲಾ ಮಹಿಳೆಯರು’ ಅಂತ ಬರೆಸಿದೆ, ಅತ್ತಿ ನಂಬಿ ಹೋದ್ರು, ಅಕ್ಕಿ, ಕೊಬ್ರಿ ಬಟ್ಲು, ಖಣ ಇದ್ದ ತಾಟು ಅವರನ್ನ ದಾಟಿ ಪಕ್ಕದಾಕಿಗೆ ಹೋತು. ಮೊದ್ಲು ಸಮಿತಿಯವರಿಗೆ ಉಡಿ ಯಾರ್ಯಾರಿಗೆ ತುಂಬ್ತೀರಿ ಅಂತ ಕೇಳ್ಬೇಕಿತ್ತು. ಎಲ್ಲರಿಗೂ ಇಲ್ಲ ಅಂದ್ರ ಹಳೇ ಹಾಳಿನೇ ಇರ್ಲಿ, ಅಷ್ಟು ಮಂದಿ ಎದುರಿಗೆ ಹಂಗ ಕೂಡೋದಾದ್ರೂ ತಪ್ತದ.