ಸತ್ಯಾಂಶ: ನವೆಂಬರ್‌ನಲ್ಲಿ ಮಹಾಬಲಿಪುರ?

"ಸೆಪ್ಟೆಂಬರ್‌ಗೆ ಮಳೆಗಾಲ ಮುಗೀತು. ನವೆಂಬರ್‌ನಲ್ಲಿ ದಕ್ಷಿಣ ಭಾರತದಲ್ಲಿ ಎಲ್ಲಿಗೆ ಬೇಕಾದ್ರೂ ಹೋಗಿ!"

ಮಂಗಳೂರಿಗೆ ಇದು ಹೆಚ್ಚುಕಡಿಮೆ ಸರಿ. ಚೆನ್ನೈ, ಮಹಾಬಲಿಪುರದ ಕಡೆ ಮಾತ್ರ ಲೆಕ್ಕವೇ ಉಲ್ಟಾ. ಅಕ್ಟೋಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗಿ, ಬಂಗಾಳ ಕೊಲ್ಲಿಯ ತೇವವನ್ನು ಆ ಕರಾವಳಿಗೆ ಹೊತ್ತು ತರುತ್ತದೆ. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 1,400 ಮಿ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಕ್ಟೋಬರ್–ಡಿಸೆಂಬರ್‌ನದು. ಅದರಲ್ಲೂ ನವೆಂಬರ್‌ನದೇ ಸಿಂಹಪಾಲು. ಚಂಡಮಾರುತದ ಕಾಲವೂ ಅದೇ.

ಹವಾಮಾನ ಇಲಾಖೆಯ ತಿಂಗಳವಾರು ಸರಾಸರಿ ಪಟ್ಟಿ ತೆಗೆದು ಮಳೆ, ಮಳೆಯ ದಿನಗಳು, ಗರಿಷ್ಠ ಉಷ್ಣಾಂಶ ಮೂರನ್ನೂ ಒಟ್ಟಿಗೆ ಓದಿ. ಬರೀ ಮಳೆ ನೋಡಿದರೆ ಏಪ್ರಿಲ್ ಕೂಡ ಚೆನ್ನಾಗೇ ಕಾಣುತ್ತದೆ. ಆದರೆ ಆಗ ಬಿಸಿಲು 35 ಡಿಗ್ರಿ ಆಸುಪಾಸು, ಪಂಚರಥಗಳ ಬಳಿ ಸುಮ್ನೆ ನಿಲ್ಲೋದೂ ಕಷ್ಟ ಅಲ್ವಾ? ಜನವರಿ ಕೊನೆಯಿಂದ ಫೆಬ್ರವರಿವರೆಗೆ ಮಳೆ ತೀರಾ ಕಡಿಮೆ, ಹಗಲು 30 ಡಿಗ್ರಿ ಆಸುಪಾಸು. ಆಗ ಹೋಗಿ.