ಹಕ್ಕು ಮಾರಬಹುದು, ಸುಮ್ಮನೆ ಬಿಡಬೇಡಿ

"ಉಡುಪಿಯಲ್ಲಿರುವ ಅಮ್ಮನ ಹೆಸರಲ್ಲಿ 100 ಷೇರು ಇದೆ, ಬೆಲೆ 200 ರೂಪಾಯಿ. ಈಗ ಇರುವ ಪ್ರತಿ 4 ಷೇರಿಗೆ 1 ಹೊಸ ಷೇರನ್ನು 150 ರೂಪಾಯಿಗೆ ಕೊಳ್ಳುವ ಹಕ್ಕು ಕೊಡುವ ರೈಟ್ಸ್ ಇಶ್ಯೂ ಬಂದಿದೆ. ಹಾಕಲು ದುಡ್ಡಿಲ್ಲ. ಸುಮ್ಮನಿದ್ದರೆ ನಷ್ಟವಾ?"

ನಷ್ಟವೇ ಮಾರಾಯ್ರೆ. ನಾಲ್ಕು ಹಳೆಯ ಷೇರಿಗೆ 800, ಹೊಸದಕ್ಕೆ 150. ಒಟ್ಟು 950ನ್ನು ಐದರಿಂದ ಭಾಗಿಸಿದರೆ 190. ಲೆಕ್ಕದ ಪ್ರಕಾರ ಪ್ರತಿ ಷೇರಿಗೆ 10ರಂತೆ 1,000 ರೂಪಾಯಿ ಇಳಿಯುತ್ತದೆ. ಅದಕ್ಕೆ ಪರಿಹಾರವೇ ಡಿಮ್ಯಾಟ್ ಖಾತೆಗೆ ಬರುವ 25 ಹಕ್ಕುಗಳು. ಒಂದೊಂದರ ಮೌಲ್ಯ 190ರಲ್ಲಿ 150 ಕಳೆದರೆ 40, ಅಂದರೆ ಅದೇ 1,000. ಪೇಟೆಯಲ್ಲಿ ಸಿಗುವ ಬೆಲೆ ಇದಕ್ಕಿಂತ ತುಸು ಹೆಚ್ಚುಕಮ್ಮಿ ಇರಬಹುದು.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಹಕ್ಕುಗಳ ವಹಿವಾಟು ಇಶ್ಯೂ ಮುಗಿಯುವ ಕೆಲವು ದಿನ ಮೊದಲೇ ನಿಲ್ಲುತ್ತದೆ. ಆಫರ್ ಪತ್ರದಲ್ಲಿ ಎರಡೂ ದಿನಾಂಕ ಬೇರೆಬೇರೆಯಾಗಿ ಇರುತ್ತವೆ. ಆಮೇಲೂ ಮುಂಬೈಯ ಮಗನಿಗೋ ಮಗಳಿಗೋ ಪೇಟೆಯ ಹೊರಗೆ ನೇರವಾಗಿ, ಅಂದರೆ ಆಫ್-ಮಾರ್ಕೆಟ್ ವರ್ಗಾವಣೆ ಮಾಡಬಹುದು, ಆದರೆ ಇಶ್ಯೂ ಮುಚ್ಚುವ ಮೊದಲೇ ಅವರ ಖಾತೆಗೆ ಜಮೆಯಾಗಿ, ಅವರು ಅರ್ಜಿಯನ್ನೂ ಹಾಕಿರಬೇಕು. ಮಾರಾಟವೂ ಈ ವರ್ಗಾವಣೆಯೂ ಆಗದಿದ್ದರೆ ಹಕ್ಕು ರದ್ದು, ಒಂದು ಪೈಸೆಯೂ ಬಾರದು.

ಮಾರಿದರೆ ಹಣವೇನೋ ಸರಿದೂಗುತ್ತದೆ, ಪಾಲು ಮಾತ್ರ ಐದನೇ ಒಂದರಷ್ಟು ಕರಗುತ್ತದೆ. 100 ಷೇರಿನವರಿಗೆ ಅದು ದೊಡ್ಡ ವಿಷಯವಲ್ಲ. ಕುಟುಂಬದ ಖಾಸಗಿ ಕಂಪನಿಯಲ್ಲಿ 26 ಪರ್ಸೆಂಟ್ ಇಟ್ಟುಕೊಂಡು, ಮುಕ್ಕಾಲು ಪಾಲು ಮತ ಬೇಕಾಗುವ ವಿಶೇಷ ನಿರ್ಣಯ ತಡೆಯುವ ಬಲ ಇದ್ದವರು ಮಾತ್ರ 20.8ಕ್ಕೆ ಇಳಿದು ಆ ಬಲ ಕಳೆದುಕೊಳ್ಳುತ್ತಾರೆ.