ಪಾವತಿ ಆಗಿದೆ, ಪಾವತಿ ಸಿಕ್ಕಿಲ್ಲ

ಪಾಲಿಕೆಯ ಘರಪಟ್ಟಿ ಖಾತೆಯ ಸಾಹೇಬರಿಗೆ,

ಮುಂಬಯಿಯಾಚೆಯ ಈ ಊರಿಗೆ ಬಂದು 31 ವರ್ಷವಾದರೂ ನನಗೆ ಒಂದು ಮರಾಠಿ ಶಬ್ದ ಸರಿಯಾಗಿ ಗೊತ್ತಿರಲಿಲ್ಲ. ನಮ್ಮಲ್ಲಿ ‘ಪಾವತಿ’ ಅಂದರೆ ದುಡ್ಡು ಕಟ್ಟುವುದು, ನಿಮ್ಮಲ್ಲಿ ಕಟ್ಟಿದ್ದಕ್ಕೆ ಕೊಡುವ ರಸೀದಿ. ಜೂನ್ 24ರ ರಾತ್ರಿ 10.47ಕ್ಕೆ 8,460 ರೂಪಾಯಿ ಘರಪಟ್ಟಿಯನ್ನು, ಅಂದರೆ ಮನೆ ತೆರಿಗೆಯನ್ನು, ಯುಪಿಐನಲ್ಲಿ ಕಟ್ಟಿದೆ. ಕನ್ನಡದ ಪಾವತಿ ಅರ್ಧ ನಿಮಿಷದಲ್ಲಿ ಮುಗಿಯಿತು. ಮರಾಠಿಯ ಪಾವತಿಗಾಗಿ ಕಾಯುತ್ತಾ ಇಂದಿಗೆ 41 ದಿನ.

ನಿಮ್ಮ ಕೌಂಟರಿನ ಹುಡುಗ ಒಳ್ಳೆಯವನು. ಮಾನಿಟರನ್ನು ನನ್ನ ಕಡೆ ತಿರುಗಿಸಿ, “ಬಘಾ ಕಾಕಾ, ಥಕಬಾಕಿ 8,460” ಎಂದು ತೋರಿಸಿದ. ನಾನು ಮೊಬೈಲು ತೋರಿಸಿದೆ. “ನಿಮ್ಮ ಬ್ಯಾಂಕಿನಿಂದ ಹೋಗಿದೆ, ನಮಗೆ ಬಂದಿಲ್ಲ” ಎಂದ. ಹಾಗಾದರೆ ದುಡ್ಡು ಎಲ್ಲಿದೆ? “ಮಧ್ಯದಲ್ಲಿ.” ಮಳೆಗಾಲದ ಲೋಕಲ್ ಟ್ರೇನಿನಂತೆ ಎರಡು ಸ್ಟೇಷನ್ ನಡುವೆ ನಿಂತಿದೆ ಎಂದುಕೊಂಡೆ. ಅವನ ಪರಿಹಾರವೂ ಸರಳ: “ಸದ್ಯ ಇನ್ನೊಮ್ಮೆ ಕಟ್ಟಿಬಿಡಿ.”

ಕಟ್ಟುವುದಿಲ್ಲ ಸಾಹೇಬರೇ. ಖಾತೆಯಿಂದ ಹಣ ಹೋಗಿ, ಅಂಗಡಿಯವನಿಗೆ ಖಾತರಿ ತಲುಪದಿದ್ದರೆ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗಿ ವಾಪಸಾಗಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ನನಗೆ ವಾಪಸಾಗಿಲ್ಲ. ಅಷ್ಟರಿಂದಲೇ ಹಣ ನಿಮ್ಮಲ್ಲಿದೆ ಎಂದು ಹೇಳಲಾಗದು. ಅದಕ್ಕೇ ಬ್ಯಾಂಕಿಗೆ ದೂರು ಕೊಟ್ಟು, ಎದುರಿನ ಖಾತೆಗೆ ಜಮೆಯಾಗಿದೆ ಎಂಬ ಉತ್ತರವನ್ನು ಬರಹದಲ್ಲೇ ತಂದಿದ್ದೇನೆ. ಅದರ ಜೊತೆಗೆ ಠಸ್ಸೆ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದು ಪುಟವಿದೆ. ಜೂನ್ 24ರ ಸಾಲಿಗೆ ಗೆರೆ ಎಳೆದಿದ್ದೇನೆ, ಅದರಲ್ಲೇ ಈ ವ್ಯವಹಾರದ ಗುರುತು ಸಂಖ್ಯೆ, 12 ಅಂಕಿಯ ಯುಟಿಆರ್ ಇದೆ. ಉಳಿದ ಸಾಲುಗಳಿಗೆ ಕಪ್ಪು ಬಳಿದಿದ್ದೇನೆ. ಬಂಗುಡೆಗೆ ಎಷ್ಟು ಕೊಟ್ಟೆ ಎಂಬುದು ಪಾಲಿಕೆಗೆ ಬೇಡ.

ನೀವು ಪ್ರತಿ ಸಲ ಮನೆಯ ನಂಬರು ಹಾಕಿ ಹುಡುಕುತ್ತೀರಿ. ನನ್ನ ದುಡ್ಡು ಸಿಗದಿರುವುದೇ ಆ ನಂಬರಿಗೆ ಅದು ಅಂಟದ ಕಾರಣಕ್ಕೆ! ಹಣ ಹೋಯಿತು, ‘ಇದು ಇಂಥ ಮನೆಯದು’ ಎಂದು ನಿಮ್ಮ ಕಂಪ್ಯೂಟರಿಗೆ ಹೇಳಬೇಕಾದ ಸಂದೇಶ ದಾರಿಯಲ್ಲಿ ಕಡಿಯಿತು. ಜೂನ್ 25 ಮತ್ತು ಅದರ ಮರುದಿನ ಆನ್‌ಲೈನ್ ಹಣವನ್ನು ನಿಮಗೆ ತಲುಪಿಸುವ ಗೇಟ್‌ವೇಯವರು ಕಳಿಸಿದ ಜಮೆಪಟ್ಟಿ ತೆಗೆದು, ಈ ಯುಟಿಆರ್‌ನಿಂದ ಹುಡುಕಿಸಿ. ವಿಳಾಸವಿಲ್ಲದ 8,460 ಅಲ್ಲಿ ಕೂತಿರಬೇಕು.

ಇಷ್ಟರಲ್ಲಿ ನಿಮ್ಮ ನೋಟಿಸು ಬಂತು. ತಿಂಗಳಿಗೆ ಶೇ 2ರಂತೆ 169 ರೂಪಾಯಿ 20 ಪೈಸೆ ‘ಶಾಸ್ತಿ’. ಈ ಶಬ್ದಕ್ಕೆ ಮಾತ್ರ ಮಗಳ ಸಹಾಯ ಬೇಕಾಗಲಿಲ್ಲ. ಎರಡೂ ಭಾಷೆಯಲ್ಲಿ ಅರ್ಥ ಒಂದೇ. ರಸೀದಿಯಲ್ಲಿ ಜೂನ್ 24 ಎಂದೇ ತಾರೀಖು ಹಾಕಿ, ಶಾಸ್ತಿಯನ್ನು ತೆಗೆಯಿರಿ.

ತಾ.ಕ.: ಪತ್ರದ ಎರಡು ಪ್ರತಿ ತಂದಿದ್ದೇನೆ. ಒಂದರ ಮೇಲೆ ಆವಕ-ಜಾವಕದ ಠಸ್ಸೆ ಒತ್ತಿ ವಾಪಸು ಕೊಡಿಸಿ. ಹಣಕ್ಕೆ ಸಿಗದ ಪಾವತಿ ಕಾಗದಕ್ಕಾದರೂ ಸಿಗಲಿ.